ಕಾಟಾ ಸರಿಯಿದೆ ಎಂದರೆ ಸಾಲದು

ಹಳೆಯ ಹೋಟೆಲುಗಳ ಗಲ್ಲಾದ ಹಿಂದೆ ಒಂದು ಬೋರ್ಡು ತೂಗುಬಿದ್ದಿರುತ್ತಿತ್ತು, ಈಗಲೂ ಅಲ್ಲಲ್ಲಿ ಇದೆ. ತಿಂಡಿ ಚೆನ್ನಾಗಿದ್ದರೆ ಊರಿಗೆ ಹೇಳಿ, ಚೆನ್ನಾಗಿಲ್ಲದಿದ್ದರೆ ನಮಗೆ ಹೇಳಿ ಎನ್ನುವ ಅರ್ಥದ್ದು. ಮಾಲೀಕನಿಗೆ ತುಂಬ ಅನುಕೂಲವಾದ ಒಪ್ಪಂದ ಅದು: ಹೊಗಳಿಕೆ ಬೀದಿಗೆ, ತೆಗಳಿಕೆ ಕಿವಿಗೆ. ಮೊಬೈಲಿನಲ್ಲಿ ದಾರಿ ಹುಡುಕುವವರಿಗೆ ಅಂಗಡಿಯ ಹೆಸರಿನ ಜೊತೆ ನಕ್ಷತ್ರಗಳೂ ಕಾಣಿಸತೊಡಗಿದ ಮೇಲೆ ಆ ಒಪ್ಪಂದ ಮುರಿದುಬಿತ್ತು. ಸಿಟ್ಟು ಬಂದ ಗಿರಾಕಿ ಈಗ ಮೊದಲು ಊರಿಗೇ ಹೇಳುತ್ತಾನೆ. ಮಾಲೀಕನಿಗೆ ಗೊತ್ತಾಗುವುದು ಊರಿಗೆ ಗೊತ್ತಾದ ಮೇಲೆ.

ಇಂಥ ಒಂದು ನಕ್ಷತ್ರದ ವಿಮರ್ಶೆಗೆ ಸಮಾಧಾನವಾಗಿ ಉತ್ತರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಬುದ್ಧಿಮಾತು ಬಹುತೇಕ ಹೋಟೆಲು, ಲಾಡ್ಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ಸಾಂಬಾರು ಉಪ್ಪಾಯಿತು ಎಂದವನಿಗೆ ಸಮಾಧಾನವಾಗಿ ಉತ್ತರಿಸುವುದು ಅಂಥ ಕಷ್ಟವೇನಲ್ಲ. ‘ನೀನು ಕಳ್ಳ’ ಎಂದವನಿಗೆ ಹೇಗೆ ಉತ್ತರಿಸುವುದು? ಅದಕ್ಕೇ ನಾನು ಹೋಟೆಲು ಬಿಟ್ಟು ವೇಬ್ರಿಡ್ಜಿಗೆ, ಲಾರಿ ಚಾಲಕರು ಕಾಟಾ ಎನ್ನುವ ಜಾಗಕ್ಕೆ ಬರುತ್ತೇನೆ. ಅಲ್ಲಿ ಮಾರುವುದು ತೂಕದ ಚೀಟಿಯೊಂದನ್ನೇ. ಅದು ಸುಳ್ಳು ಎಂದಾದರೆ ಮಾರುವುದಕ್ಕೆ ಇನ್ನೇನೂ ಇಲ್ಲ.

ತುಮಕೂರಿನಿಂದ ಶಿರಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕ್ ಇರುವುದು ಇಲ್ಲೇ. ಇಂಥ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳ ನಡುವೆ ಸಣ್ಣ ಸಣ್ಣ ದಂಧೆಗಳು ಬದುಕುತ್ತವೆ: ಮೆಸ್, ಪಂಕ್ಚರ್ ಅಂಗಡಿ, ಲೇತ್, ಪಿ.ಜಿ., ವೇಬ್ರಿಡ್ಜ್. ಇವುಗಳಲ್ಲಿ ಕಾಟಾದ ಸ್ಥಿತಿ ಬೇರೆ. ಮೆಸ್ ಹಿಡಿಸದಿದ್ದರೆ ಕಾರ್ಮಿಕ ಪಕ್ಕದ ಮೆಸ್ಸಿಗೆ ಹೋಗಬಹುದು. ಕಾಳು ತುಂಬಿಕೊಂಡು ಬಂದ ಲಾರಿಯವನು, ಕೊಳ್ಳುವವರು ‘ಇಂಥ ಕಾಟಾದ ಚೀಟಿ ತಗೊಂಡು ಬಾ’ ಎಂದರೆ, ಅಲ್ಲಿಗೇ ಹೋಗಬೇಕು. ಹಾಗಾಗಿ ಕಾಟಾದ ಮಾಲೀಕ ಉತ್ತರ ಬರೆಯದೇ ಇದ್ದರೂ ವ್ಯಾಪಾರ ನಿಲ್ಲುವುದಿಲ್ಲ ಎಂದು ವಾದಿಸಬಹುದು. ನನಗೆ ಇದು ಉಲ್ಟಾ ಕಾಣುತ್ತದೆ. ಬೇರೆ ಕಡೆ ಹೋಗುವ ದಾರಿಯೇ ಇಲ್ಲದವನಿಗೆ ಬಾಯಿ ಒಂದೇ ಉಳಿದಿರುವುದು. ಅವನಿಗೆ ಉತ್ತರ ಕೊಡುವ ಹೊಣೆ ಮೆಸ್ಸಿನವನಿಗಿಂತ ಕಾಟಾದವನಿಗೆ ಹೆಚ್ಚು.

ಒಂದು ಪ್ರಕರಣ ಕಲ್ಪಿಸಿಕೊಳ್ಳೋಣ. ಮೆಕ್ಕೆಜೋಳ ತುಂಬಿದ ಲಾರಿ ಶಿರಾದ ಆಚೆಯ ಒಂದು ಕಾಟಾದಲ್ಲಿ ತೂಗಿತು: ಗಾಡಿ ಸಮೇತ 25,480 ಕೆ.ಜಿ. ಸುಮಾರು ಅರವತ್ತು ಕಿಲೋಮೀಟರ್ ಬಂದು ವಸಂತನರಸಾಪುರದ ಕಾಟಾದ ಮೇಲೆ ಹತ್ತಿದಾಗ 25,340. ವ್ಯತ್ಯಾಸ 140 ಕೆ.ಜಿ. ಕಿಲೋಗೆ 22 ರೂಪಾಯಿ ಎಂದಿಟ್ಟುಕೊಂಡರೆ 3,080 ರೂಪಾಯಿ. ಕೊಳ್ಳುವವರು ಎರಡನೆಯ ಚೀಟಿಯ ಲೆಕ್ಕದಲ್ಲೇ ಹಣ ಕೊಟ್ಟರು. ಅಂದು ರಾತ್ರಿ ಒಂದು ನಕ್ಷತ್ರ, ಅದರ ಕೆಳಗೆ: ‘ತೂಕದಲ್ಲಿ ಮೋಸ. 140 ಕೆಜಿ ಕಮ್ಮಿ ತೋರಿಸ್ತಾರೆ. ಯಾರೂ ಹೋಗ್ಬೇಡಿ.’

ಮಾಲೀಕನಿಗೆ ಉರಿಯುವುದಕ್ಕೆ ಕಾರಣವಿದೆ. ಕಾಟಾಕ್ಕೆ ಬಂದವರಲ್ಲಿ ವಿಮರ್ಶೆ ಬರೆಯುವವರು ಎಷ್ಟು ಜನ? ಒಂಬತ್ತು ಮಂದಿ ಐದೈದು ನಕ್ಷತ್ರ ಕೊಟ್ಟಿದ್ದರೆ ಈ ಒಂದು ಸೇರಿ ಸರಾಸರಿ 5ರಿಂದ 4.6ಕ್ಕೆ ಇಳಿಯಿತು. ಅದು 4.8ಕ್ಕೆ ಏರಬೇಕಾದರೆ ಇನ್ನೂ ಹತ್ತು ಮಂದಿ ಐದು ನಕ್ಷತ್ರ ಕೊಡಬೇಕು. ಅಳಿಸುವ ಅಧಿಕಾರ ಮಾಲೀಕನಿಗಿಲ್ಲ. ಬೈಗುಳ, ಜಾಹೀರಾತು, ನಕಲಿ ಖಾತೆ ಇಂಥದ್ದಿದ್ದರೆ ಗೂಗಲ್‌ಗೆ ವರದಿ ಮಾಡಬಹುದು. ಆದರೆ ನಡೆದದ್ದು ಹೀಗೋ ಹಾಗೋ ಎಂಬ ಜಗಳದಲ್ಲಿ ತಾನು ತೀರ್ಪು ಕೊಡುವುದಿಲ್ಲ ಎಂದು ಗೂಗಲ್ ಹೇಳಿಬಿಟ್ಟಿದೆ. ಉಳಿದ ದಾರಿ ಒಂದೇ, ಅದರ ಕೆಳಗೆ ಎಲ್ಲರಿಗೂ ಕಾಣುವಂತೆ ಉತ್ತರ ಬರೆಯುವುದು.

ಆ ರಾತ್ರಿ ಕೈಗೆ ಬರುವ ಮೊದಲ ಉತ್ತರ ಎಲ್ಲರಿಗೂ ಗೊತ್ತಿರುವಂಥದ್ದು. ‘ನಮ್ಮದು ಸರ್ಕಾರಿ ಸೀಲ್ ಇರುವ ಕಾಟಾ. ದಿನಕ್ಕೆ ಇಷ್ಟು ಗಾಡಿ ಬರುತ್ತವೆ, ಯಾರೂ ಕಂಪ್ಲೇಂಟ್ ಮಾಡಿಲ್ಲ. ನಿಮ್ಮ ಹಳ್ಳಿ ಕಾಟಾ ಮೊದಲು ಸರಿ ಮಾಡಿಸಿ.’ ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲದೇ ಇರಬಹುದು. ಆದರೂ ಇದನ್ನು ಓದುವ ಮೂರನೆಯವನ ಕೈಗೆ ಏನು ಸಿಕ್ಕಿತು? ಇಬ್ಬರು ಜಗಳವಾಡುತ್ತಿದ್ದಾರೆ ಎನ್ನುವುದಷ್ಟೇ. ಎರಡನೆಯ ಬಗೆಯ ಉತ್ತರ ಕಂಪನಿಗಳಿಂದ ಕಲಿತದ್ದು: ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ಈ ನಂಬರಿಗೆ ಸಂಪರ್ಕಿಸಿ.’ ಸಮಾಧಾನವೇನೋ ಇದೆ. ಆದರೆ ಮೋಸ ಮಾಡಿದ್ದೀರಿ ಎಂದವನಿಗೆ ಅನಾನುಕೂಲಕ್ಕೆ ವಿಷಾದ ಎನ್ನುವುದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ, ಇಲ್ಲವೇ ಓದದೇ ಬರೆದದ್ದು ಎಂದು ಗೊತ್ತಾಗುತ್ತದೆ. ನನ್ನ ಆಕ್ಷೇಪ ಇನ್ನೂ ಒಂದು ಹೆಜ್ಜೆ ಮುಂದಿನದು. ನಿಜವಾಗಿ ತೂಕ ಹೊಡೆಯುವವನೂ ಇಷ್ಟೇ ಸಮಾಧಾನವಾಗಿ ಬರೆಯಬಲ್ಲ, ಬಹುಶಃ ಇನ್ನೂ ಚೆನ್ನಾಗಿ ಬರೆಯಬಲ್ಲ. ಹಾಗಾದರೆ ಮೆತ್ತನೆಯ ಧಾಟಿಯೊಂದರಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಉತ್ತರದಲ್ಲಿ ಬೇಕಾದದ್ದು ಓದಿದವನು ಹೋಗಿ ಪರೀಕ್ಷಿಸಬಹುದಾದ ಏನಾದರೊಂದು. ಅದು ಸಿಕ್ಕಿತೆಂದರೆ ಧಾಟಿ ತಾನಾಗಿ ಇಳಿಯುತ್ತದೆ, ಯಾಕೆಂದರೆ ಕೂಗುವ ಅಗತ್ಯ ಉಳಿಯುವುದಿಲ್ಲ.

ಬೆಂಗಳೂರಿನ ಎಂ.ಟಿ.ಆರ್.ನಲ್ಲಿ ಯಜ್ಞನಾರಾಯಣ ಮಯ್ಯರು ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಊಟಕ್ಕೆ ಹೋಗುವಂತೆ ಮಾಡಿದ್ದರು. ನಮ್ಮಲ್ಲಿ ಶುಚಿಯಿದೆ ಎಂದು ಗೋಡೆಯ ಮೇಲೆ ಬರೆಸುವುದಕ್ಕೂ ಇದಕ್ಕೂ ಇರುವ ಅಂತರವೇ ನಾನು ಹೇಳಲು ಹೊರಟದ್ದು.

ಹಾಗಾದರೆ ಕಾಟಾದ ಮಾಲೀಕ ಬರೆಯುವ ಮೊದಲು ಮಾಡಬೇಕಾದ ಕೆಲಸ ಪ್ಲಾಟ್‌ಫಾರಂ ಹತ್ತಿರ ಇದೆ. ಬೆಳಿಗ್ಗೆ ಮೊದಲ ಗಾಡಿ ಬರುವ ಮುಂಚೆ, ಪ್ಲಾಟ್‌ಫಾರಂ ಖಾಲಿಯಿರುವಾಗ ಡಿಸ್‌ಪ್ಲೇಯಲ್ಲಿ ಸೊನ್ನೆ ಇದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಟಯರಿಗೆ ಅಂಟಿಕೊಂಡು ಬಂದ ಕೆಮ್ಮಣ್ಣು ಪ್ಲಾಟ್‌ಫಾರಂ ಅಂಚಿನ ಸಂದಿಯಲ್ಲಿ ಬಿದ್ದು ಗಟ್ಟಿಯಾಗುತ್ತದೆ. ಪ್ಲಾಟ್‌ಫಾರಂ ಭಾರಕ್ಕೆ ಕೂದಲೆಳೆಯಷ್ಟು ಕುಗ್ಗಬೇಕಾದ ಜಾಗದಲ್ಲಿ ಈ ಮಣ್ಣು ತಡೆ ಕೊಡುತ್ತದೆ. ಆಗ ಭಾರದ ಒಂದು ಪಾಲು ಲೋಡ್ ಸೆಲ್ಲಿಗೆ ಹೋಗದೆ ಪಕ್ಕದ ಗೋಡೆಗೆ ಹೋಗಿ, ತೂಕ ಕಡಿಮೆ ಬರುತ್ತದೆ. ಖಾಲಿಯಿದ್ದಾಗ ಸೊನ್ನೆ ಸರಿಯಾಗಿಯೇ ಇರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಸಂದಿಗೆ ತೆಳುವಾದ ಪಟ್ಟಿಯೊಂದನ್ನು ತೂರಿಸಿ ಸುತ್ತಲೂ ಎಳೆದುಕೊಂಡು ಹೋದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮಣ್ಣಿದೆ ಎಂದರ್ಥ.

ಎರಡನೆಯದು ಮೂರು ಜಾಗದ ಪರೀಕ್ಷೆ. ಪ್ಲಾಟ್‌ಫಾರಂ ಕೆಳಗೆ ಸಾಮಾನ್ಯವಾಗಿ ಆರೋ ಎಂಟೋ ಲೋಡ್ ಸೆಲ್ ಇರುತ್ತವೆ. ನೀರು ಹೊಕ್ಕೋ, ಇಲಿ ಕೇಬಲ್ ಕಡಿದೋ ಅವುಗಳಲ್ಲಿ ಒಂದು ಕೆಟ್ಟರೆ ಆ ಭಾಗದ ತೂಕ ತಪ್ಪುತ್ತದೆ. ಭಾರ ತುಂಬಿದ ಚಿಕ್ಕ ಗೂಡ್ಸ್ ಗಾಡಿಯೊಂದನ್ನು ಮೊದಲು ಮುಂದಿನ ತುದಿಯಲ್ಲಿ, ಆಮೇಲೆ ನಡುವೆ, ಕೊನೆಗೆ ಹಿಂದಿನ ತುದಿಯಲ್ಲಿ ನಿಲ್ಲಿಸಿ ಮೂರೂ ತೂಕ ಬರೆದುಕೊಳ್ಳಬೇಕು. ಎರಡು ಟನ್ನಿನ ಗಾಡಿ ಎರಡು ಕಡೆ 2,010 ತೋರಿಸಿ ಮೂರನೆಯ ಕಡೆ 1,970 ತೋರಿಸಿದರೆ ಆ ತುದಿಯಲ್ಲಿ ತೊಂದರೆಯಿದೆ. ಮೆಕ್ಯಾನಿಕ್ ಬರುವ ತನಕ ಕಾಟಾ ನಿಲ್ಲಿಸಬೇಕು. ನಮ್ಮ ಪ್ರಕರಣದಲ್ಲಿ ಮೂರೂ ಕಡೆ ಒಂದೇ ತೂಕ ಬಂತು, ಸಂದಿಯಲ್ಲಿ ಮಣ್ಣೂ ಇರಲಿಲ್ಲ ಎಂದು ಇಟ್ಟುಕೊಳ್ಳೋಣ.

ಇಲ್ಲಿ ಮಾಲೀಕ ಎಡವುವ ಸಾಧ್ಯತೆ ಹೆಚ್ಚು. ‘ಚೆಕ್ ಮಾಡಿದೆವು, ಕಾಟಾ ಸರಿಯಿದೆ’ ಎಂದು ಬರೆದುಬಿಡುತ್ತಾನೆ. ಆದರೆ ಮೂರು ಜಾಗದ ಪರೀಕ್ಷೆ ಹೇಳುವುದು ಪ್ಲಾಟ್‌ಫಾರಂನ ಒಂದು ಭಾಗ ಇನ್ನೊಂದರ ಹಾಗೆಯೇ ತೂಗುತ್ತಿದೆ ಎಂದು ಮಾತ್ರ. ಎಲ್ಲ ಭಾಗಗಳೂ ಸಮವಾಗಿ ಕಡಿಮೆ ತೋರಿಸುತ್ತಿದ್ದರೆ ಅದು ಈ ಪರೀಕ್ಷೆಗೆ ಸಿಗುವುದಿಲ್ಲ. ಅದನ್ನು ಹಿಡಿಯುವುದಕ್ಕೆ ಮಾನಕ ತೂಕದ ಕಲ್ಲುಗಳೇ ಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆ ಅಂಥ ಪರೀಕ್ಷೆ ಮಾಡಿ ಸೀಲ್ ಹಾಕುತ್ತದೆ, ವೇಬ್ರಿಡ್ಜಿಗೆ ಇದು ವರ್ಷಕ್ಕೊಮ್ಮೆ ಆಗಬೇಕು. ಏಳು ತಿಂಗಳ ಹಿಂದೆ ಬಿದ್ದ ಸೀಲ್ ಏನನ್ನು ಹೇಳುತ್ತದೆ? ಆ ದಿನ ಸರಿಯಿತ್ತು ಎಂದು. ಮಾಲೀಕ ಅಷ್ಟನ್ನೇ ಹೇಳಬಹುದು.

ಸರಿ ಎಂಬುದಕ್ಕೂ ಒಂದು ಮಿತಿಯಿದೆ, ಅದು ಗಿರಾಕಿಗಳಿಗೆ ಗೊತ್ತಿರುವುದು ಕಡಿಮೆ. ಹತ್ತು ಕಿಲೋದ ಹೆಜ್ಜೆಯಲ್ಲಿ ತೂಕ ತೋರಿಸುವ ಕಾಟಾಕ್ಕೆ 25 ಟನ್ನಿನ ಆಸುಪಾಸಿನಲ್ಲಿ ಸೀಲ್ ಹಾಕುವಾಗಲೇ 15 ಕೆ.ಜಿ. ಆಚೀಚೆ ಆಗಲು ನಿಯಮ ಬಿಡುತ್ತದೆ. ಬಳಕೆಯಲ್ಲಿರುವಾಗ ಅದರ ಎರಡರಷ್ಟು, ಅಂದರೆ 30. ಒಂದು ಕಾಟಾ 30 ಹೆಚ್ಚಿಗೆ, ಇನ್ನೊಂದು 30 ಕಡಿಮೆ ತೋರಿಸಿದರೂ ಇಬ್ಬರೂ ಕಾನೂನಿನೊಳಗೇ ಇರುತ್ತಾರೆ, ಚೀಟಿಗಳ ನಡುವೆ ಮಾತ್ರ 60 ಕೆ.ಜಿ. ಅಂತರ. ಇನ್ನು ಅರವತ್ತು ಕಿಲೋಮೀಟರಿಗೆ ಲಾರಿ ಕುಡಿದ ಡೀಸೆಲ್ ಸುಮಾರು ಹದಿನೈದು ಲೀಟರ್, ತೂಕ ಹನ್ನೆರಡು ಕಿಲೋ. ಶಿರಾದ ಆಚೆ ತೂಗುವಾಗ ಕ್ಲೀನರ್ ಕ್ಯಾಬಿನ್ನಿನಲ್ಲೇ ಕೂತಿದ್ದು, ಇಲ್ಲಿ ಚೀಟಿ ತರಲು ಇಳಿದಿದ್ದರೆ ಇನ್ನೊಂದು ಅರವತ್ತು ಕಿಲೋ. ಇದು ದಿನವೂ ನಡೆಯುವ ಸಂಗತಿ, ಜಗಳಗಳ ದೊಡ್ಡ ಮೂಲ. ಬೆಳಿಗ್ಗೆ ಮಳೆಯಲ್ಲಿ ತೊಯ್ದ ತಾಡಪಾಲು ದಾರಿಯಲ್ಲಿ ಒಣಗಿದರೆ ಅದರದ್ದೂ ಒಂದು ಪಾಲು.

ಡೀಸೆಲ್ ಹನ್ನೆರಡು, ಕ್ಲೀನರ್ ಅರವತ್ತು, ಒಟ್ಟು 72. ಇನ್ನೂ 68 ಉಳಿಯಿತು. ಎರಡೂ ಕಾಟಾಗಳು ವಿರುದ್ಧ ದಿಕ್ಕಿನಲ್ಲಿ ಅಂಚಿಗೇ ಹೋಗಿ ನಿಂತಿದ್ದರೂ 60. ಎಂಟು ಕಿಲೋ ಆಗಲೂ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕ್ಲೀನರ್ ಇಲ್ಲಿ ಇಳಿದದ್ದು ಕಾಟಾದ ಕ್ಯಾಮೆರಾದಲ್ಲಿ ಕಾಣುತ್ತದೆ, ಅಲ್ಲಿ ಗಾಡಿಯಲ್ಲೇ ಇದ್ದನೋ ಇಲ್ಲವೋ ಮಾಲೀಕನಿಗೆ ತಿಳಿಯದು. ಹಾಗಿರುವಾಗ ‘ನಿಮ್ಮ ಕ್ಲೀನರ್ ಇಳಿದಿದ್ದ, ಅದಕ್ಕೇ ಕಮ್ಮಿ ಬಂತು’ ಎಂದು ಬರೆದರೆ ಅದು ಊಹೆಯನ್ನು ಸಾಕ್ಷಿಯಂತೆ ಮಂಡಿಸಿದ ಹಾಗೆ. ಲಾರಿಯವನು ‘ಕ್ಲೀನರೇ ಇರಲಿಲ್ಲ’ ಎಂದು ತಿರುಗಿ ಬರೆದರೆ ಆಟ ಮುಗಿಯಿತು. ಸಮರ್ಥನೆಗೆ ಇಳಿಯಬೇಡಿ ಎನ್ನುವುದರ ನಿಜವಾದ ಕಾರಣ ನನಗೆ ಕಾಣುವುದು ಇಲ್ಲಿ. ತನ್ನನ್ನು ಕಾಪಾಡಿಕೊಳ್ಳಲು ಹೊರಟವನು ಲೆಕ್ಕವನ್ನು ಪೂರ್ತಿ ಕೂಡಿಸಲೇಬೇಕಾಗುತ್ತದೆ, ಕೂಡದಿದ್ದ ಕಡೆ ಒತ್ತಿ ಕೂಡಿಸುತ್ತಾನೆ. ಕಾಪಾಡಿಕೊಳ್ಳುವ ತುರ್ತಿಲ್ಲದವನು 68 ಕಿಲೋ ಗೊತ್ತಿಲ್ಲ ಎಂದು ಬಿಡಬಲ್ಲ.

ಇಷ್ಟಾದ ಮೇಲೆ ನಾನಾದರೆ ಹೀಗೆ ಬರೆಸುತ್ತೇನೆ:

‘ನಮಸ್ಕಾರ. ಎರಡು ಕಾಟಾಗಳ ನಡುವೆ 140 ಕೆ.ಜಿ. ವ್ಯತ್ಯಾಸ ಬಂದರೆ ಯಾರಾದರೂ ಕೇಳಬೇಕಾದದ್ದೇ. ನಮ್ಮ ಕಾಟಾಕ್ಕೆ ಇಲಾಖೆಯ ಸೀಲ್ ಬಿದ್ದದ್ದು ಜನವರಿಯಲ್ಲಿ, ಸರ್ಟಿಫಿಕೇಟ್ ಕಿಟಕಿಯ ಪಕ್ಕ ಹಾಕಿದ್ದೇವೆ. ನೀವು ಬರೆದದ್ದನ್ನು ನೋಡಿದ ಮೇಲೆ ಒಂದೇ ಗಾಡಿಯನ್ನು ಪ್ಲಾಟ್‌ಫಾರಂನ ಮೂರು ಕಡೆ ನಿಲ್ಲಿಸಿ ತೂಗಿದೆವು, ಮೂರು ಕಡೆಯೂ ಒಂದೇ ತೂಕ ಬಂತು. ಆದರೆ ಇಷ್ಟರಿಂದ ನಿಮ್ಮ 140 ಕೆ.ಜಿ. ಎಲ್ಲಿ ಹೋಯಿತು ಎಂಬುದು ತೀರ್ಮಾನವಾಗುವುದಿಲ್ಲ. ಮುಂದಿನ ಲೋಡಿನಲ್ಲಿ ಎರಡೂ ಕಾಟಾದಲ್ಲಿ ಗಾಡಿಯಿಂದ ಎಲ್ಲರೂ ಇಳಿದು ತೂಗಿಸಿ, ನಮ್ಮಲ್ಲಿ ಅದಕ್ಕೆ ಹಣ ಬೇಡ. ಹತ್ತುವ ಮುಂಚೆ ಡಿಸ್‌ಪ್ಲೇಯಲ್ಲಿ ಸೊನ್ನೆ ನೋಡಿಕೊಳ್ಳಿ. ಆಗಲೂ 60 ಕೆ.ಜಿ.ಗಿಂತ ಹೆಚ್ಚು ಅಂತರ ಬಂದರೆ ನಾವೇ ಇಲಾಖೆಗೆ ಬರೆದು ಕಲ್ಲು ಇಟ್ಟು ಪರೀಕ್ಷೆ ಮಾಡಿಸುತ್ತೇವೆ, ಏನು ಬಂತೆಂದು ಇಲ್ಲೇ ಹಾಕುತ್ತೇವೆ. — ಮಾಲೀಕ’

ಇದರಲ್ಲಿ ಇಲ್ಲದ್ದನ್ನೂ ನೋಡಬೇಕು. ಲಾರಿಯ ನಂಬರ್ ಇಲ್ಲ, ಯಾರ ಮಾಲು ಎಂದಿಲ್ಲ, ಚೀಟಿಯ ಫೋಟೋ ಇಲ್ಲ, ಕ್ಯಾಮೆರಾದ ತುಣುಕಿಲ್ಲ. ಇವೆಲ್ಲ ಮಾಲೀಕನ ಕೈಯಲ್ಲಿವೆ, ಹಾಕಿದರೆ ಗೆದ್ದಂತೆಯೂ ಅನ್ನಿಸಬಹುದು. ಆದರೆ ಯಾವ ವ್ಯಾಪಾರಿಯ ಎಷ್ಟು ಮಾಲು ಯಾವ ದಿನ ಎಲ್ಲಿಗೆ ಹೋಯಿತು ಎಂಬುದು ಕಾಟಾದವನು ಬೀದಿಗೆ ಹಾಕುವ ವಿಷಯವಲ್ಲ. ಹಾಕಿದರೆ ಉಳಿದ ವ್ಯಾಪಾರಿಗಳು ನಾಳೆ ನಮ್ಮದೂ ಹೀಗೇ ಬರುತ್ತದೆ ಎಂದುಕೊಳ್ಳುತ್ತಾರೆ. ‘ನೀವು ನಮ್ಮಲ್ಲಿಗೆ ಬಂದೇ ಇಲ್ಲ’ ಎಂಬ ಮಾತೂ ಇಲ್ಲ. ವಿಮರ್ಶೆ ಬರೆದದ್ದು ಚಾಲಕನ ಮಗನ ಫೋನಿನಿಂದ ಇರಬಹುದು, ಚೀಟಿ ಮಂಡಿಯವರ ಹೆಸರಿನಲ್ಲಿರಬಹುದು. ಪುಸ್ತಕದಲ್ಲಿ ಹೆಸರು ಸಿಗಲಿಲ್ಲ ಎಂದರೆ ಸಿಗಲಿಲ್ಲ ಎಂದಷ್ಟೇ. ಉಚಿತ ತೂಕಕ್ಕೆ ಷರತ್ತೂ ಇಲ್ಲ. ನಕ್ಷತ್ರ ತೆಗೆದರೆ ಹಣ ವಾಪಸ್ ಎನ್ನುವುದು ಗೂಗಲ್ ನಿಯಮಕ್ಕೂ ವಿರುದ್ಧ, ಓದುವವರಿಗೆ ಲಂಚದ ವಾಸನೆಯನ್ನೂ ಕೊಡುತ್ತದೆ. (ಹೆದ್ದಾರಿಯ ಕಾಟಾದಲ್ಲಿ ಹಿಂದಿಯಲ್ಲೋ ತೆಲುಗಿನಲ್ಲೋ ಬೈಗುಳ ಬರುವುದುಂಟು. ಅವರ ಭಾಷೆಯಲ್ಲೇ ಉತ್ತರಿಸಿ, ಕೆಳಗೆ ಕನ್ನಡದಲ್ಲೂ ಅದನ್ನೇ ಹಾಕಿದರೆ ಆಯಿತು.)

ವಕೀಲರ ನೋಟಿಸು ಕಳಿಸಬಾರದೇ ಎಂದು ಕೇಳುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂನಲ್ಲಿ ಮಾನಹಾನಿಗೆ ಶಿಕ್ಷೆಯಿದೆ, ನಿಜ. ಬೇಕೆಂದೇ ಸುಳ್ಳು ಹರಡುವ ಪ್ರತಿಸ್ಪರ್ಧಿಯ ಮೇಲೆ ಅದು ಬೇಕಾದೀತು. ಆದರೆ 3,080 ರೂಪಾಯಿ ಕಳೆದುಕೊಂಡೆ ಎಂದು ನಂಬಿರುವ ಒಬ್ಬನ ಮೇಲೆ ಅದನ್ನು ಹೂಡಿದರೆ ತೂಕ ಸರಿಯಿತ್ತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಜೊತೆಗೆ ಕಾಟಾದವರು ಕೇಳಿದರೆ ಕೋರ್ಟಿಗೆ ಎಳೆಯುತ್ತಾರೆ ಎಂಬ ಸುದ್ದಿ ಡಾಬಾದಿಂದ ಡಾಬಾಕ್ಕೆ ಹೋಗುತ್ತದೆ.

ಉತ್ತರ ಬರೆಯುವುದರಿಂದ ದೂರುಗಳು ಹೆಚ್ಚಾಗುವುದಿಲ್ಲವೇ ಎಂಬುದು ಇನ್ನೊಂದು ಸಂದೇಹ, ಇದಕ್ಕೆ ತೂಕವಿದೆ. ದಾವಿದೆ ಪ್ರೊಸೆರ್ಪಿಯೊ ಮತ್ತು ಜಾರ್ಜಿಯೋಸ್ ಝೆರ್ವಾಸ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಹೋಟೆಲುಗಳ ವಿಮರ್ಶೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಾಲೀಕರು ಉತ್ತರಿಸಲು ತೊಡಗಿದ ಮೇಲೆ ವಿಮರ್ಶೆಗಳ ಸಂಖ್ಯೆ ಶೇ 12ರಷ್ಟು ಏರಿತು, ಸರಾಸರಿ 0.12 ನಕ್ಷತ್ರದಷ್ಟು ಮೇಲೆ ಹೋಯಿತು. ನನ್ನ ಗಮನ ಸೆಳೆದದ್ದು ಬೇರೆ ಸಂಗತಿ: ಕೆಟ್ಟ ವಿಮರ್ಶೆಗಳು ಕಡಿಮೆಯಾದವು, ಆದರೆ ಬಂದವು ಉದ್ದವಾದವು. ಮಾಲೀಕ ಓದುತ್ತಾನೆ, ಮರುಮಾತಾಡುತ್ತಾನೆ ಎಂದು ಗೊತ್ತಾದಾಗ ಸುಮ್ಮನೆ ಬೈದು ಹೋಗುವವನು ಹಿಂದೆ ಸರಿಯುತ್ತಾನೆ, ನಿಜವಾಗಿ ನೊಂದವನು ವಿವರ ಕೊಡುತ್ತಾನೆ ಎಂದು ಇದನ್ನು ಓದಿಕೊಳ್ಳಬಹುದು. ಹೋಟೆಲಿನ ಲೆಕ್ಕ ಕಾಟಾಕ್ಕೆ ಹಾಗೇ ಹೊಂದುತ್ತದೆ ಎನ್ನಲಾರೆ. ಆದರೆ ‘ಮೋಸ’ ಎಂಬ ಒಂದು ಪದದ ಬದಲು ‘ಬೆಳಿಗ್ಗೆ ಏಳು ಗಂಟೆ, ಹಿಂದಿನ ಆಕ್ಸಲ್ ಪ್ಲಾಟ್‌ಫಾರಂ ಅಂಚಿನಲ್ಲಿತ್ತು’ ಎಂದು ಬರೆಯುವ ಗಿರಾಕಿ ಸಿಕ್ಕರೆ ಮಾಲೀಕನಿಗೆ ಅದು ಲಾಭವೇ. ಮೆಕ್ಯಾನಿಕ್‌ಗೆ ತೋರಿಸಲು ಏನೋ ಸಿಕ್ಕಂತಾಯಿತು.

ಇನ್ನು ಆ ಲಾರಿಯವನು ನಿಜವಾಗಿಯೂ ಮುಂದಿನ ಲೋಡಿನೊಂದಿಗೆ ಬಂದ ಎನ್ನಿ. ಎಲ್ಲರೂ ಇಳಿದು ತೂಗಿಸಿದಾಗ ಅಂತರ 40 ಬಂತು. ಮಾಲೀಕ ತನ್ನ ಹಳೆಯ ಉತ್ತರವನ್ನು ಅಳಿಸದೆ, ಅದರ ಕೆಳಗೆ ದಿನಾಂಕ ಹಾಕಿ ಈ ಸಂಖ್ಯೆಯನ್ನು ಸೇರಿಸಬಹುದು. ನಕ್ಷತ್ರವನ್ನು ಏನು ಮಾಡುವುದು ಎಂಬುದು ಬರೆದವನ ಇಷ್ಟ. ಅಂತರ 110 ಬಂತು, ಇಲಾಖೆಯವರು ಕಲ್ಲು ಇಟ್ಟಾಗ ತಪ್ಪು ಇಲ್ಲಿಯದೇ ಎಂದಾಯಿತು ಎನ್ನಿ. ಆಗ ಪರವಾನಗಿ ಇರುವ ರಿಪೇರಿಯವರಿಂದ ಸರಿಮಾಡಿಸಿ, ಮತ್ತೆ ಸೀಲ್ ಬೀಳುವ ತನಕ ಕಾಟಾ ನಡೆಸುವಂತಿಲ್ಲ. ಅದನ್ನೂ ಅಲ್ಲೇ ಬರೆಯಬೇಕು, ಮಾತು ಕೊಟ್ಟಾಗಿದೆ. ಕಷ್ಟದ ಪ್ರಶ್ನೆ ಅದರ ನಂತರದ್ದು. ತಪ್ಪು ಯಾವ ದಿನ ಶುರುವಾಯಿತು? ಜನವರಿಯ ಸೀಲಿನಿಂದ ಈಚೆಗೆ ತೂಗಿದ ಅಷ್ಟೂ ಗಾಡಿಗಳ ಚೀಟಿಗಳ ನಕಲು ಕಂಪ್ಯೂಟರಿನಲ್ಲಿವೆ. ಅವುಗಳಲ್ಲಿ ಎಷ್ಟು ತಪ್ಪೋ, ಯಾರ ಪರವಾಗಿ ತಪ್ಪೋ ಗೊತ್ತಾಗುವುದು, ಅದೇ ಗಾಡಿ ಬೇರೆ ಕಾಟಾದಲ್ಲೂ ತೂಗಿದ್ದ ಕಡೆ ಮಾತ್ರ. ಒಬ್ಬನಿಗೆ ಉತ್ತರ ಬರೆದವನು ಆ ಪಟ್ಟಿ ತೆಗೆದು, ಎರಡನೆಯ ಚೀಟಿ ಇರುವವರು ತಂದು ತೋರಿಸಿ ಎಂದು ಕಿಟಕಿಯ ಪಕ್ಕ, ಸರ್ಟಿಫಿಕೇಟಿನ ಕೆಳಗೇ, ಬರೆದು ಅಂಟಿಸಬೇಕಾಗುತ್ತದೆ.